ಗೋದಲಿಗೆ ಬರೆದ ಅರ್ಜಿ

ಬ್ಯಾಂಕಿನ ಮ್ಯಾನೇಜರ್‌ಗೆ ಇಂಗ್ಲಿಷಿನಲ್ಲಿ ಸಾಲದ ಅರ್ಜಿ ಟೈಪ್ ಮಾಡುವಾಗ ‘ಮ್ಯಾನೇಜರ್’ ಪದದ ಎರಡನೆಯ ‘ಎ’ ಬಿಟ್ಟುಹೋಯಿತು ಎನ್ನಿ. ಉಳಿಯುವ ಪದ ‘ಮೇಂಜರ್’. ಅಂದರೆ ದನಕ್ಕೆ ಮೇವು ಹಾಕುವ ಗೋದಲಿ! ಹಳೆಯ ಬಗೆಯ ಸ್ಪೆಲ್ ಚೆಕ್ ಇದಕ್ಕೆ ಕೆಂಪು ಗೆರೆ ಎಳೆಯುವುದೇ ಇಲ್ಲ.

ಅದು ಮಾಡುವ ಕೆಲಸ ಬಾಗಿಲಲ್ಲಿ ನಿಂತು ಹೆಸರಿನ ಪಟ್ಟಿ ನೋಡುವ ಕಾವಲುಗಾರನದು. ಪದ ಪಟ್ಟಿಯಲ್ಲಿದ್ದರೆ ಒಳಗೆ, ಇಲ್ಲದಿದ್ದರೆ ಕೆಂಪು ಗೆರೆ. ಬಂದವರು ಸರಿಯಾದ ಮನೆಗೇ ಬಂದಿದ್ದಾರೆಯೇ ಎಂದು ಅವನು ಕೇಳುವುದಿಲ್ಲ. ಪಟ್ಟಿ ಬೆಳೆಸಿದರೂ ಕಷ್ಟವೇ. ‘ಕ್ಯಾಲೆಂಡರ್’ ಪದದ ಕೊನೆಯಲ್ಲಿ ‘ಎ-ಆರ್’ ಬದಲು ‘ಇ-ಆರ್’ ಬರೆಯುವುದು ನಮ್ಮಲ್ಲಿ ಮಾಮೂಲಿ ತಪ್ಪು. ಆದರೆ ಆ ಕಾಗುಣಿತದ ಪದವೂ ಉಂಟು. ಬಟ್ಟೆ, ಕಾಗದಗಳನ್ನು ಉರುಳೆಗಳ ನಡುವೆ ಒತ್ತಿ ನಯಗೊಳಿಸುವ ಯಂತ್ರಕ್ಕೆ ಅದೇ ಹೆಸರು. ಚಿಕ್ಕ ಪಟ್ಟಿ ಹಿಡಿಯುವ ಈ ತಪ್ಪನ್ನು ದೊಡ್ಡ ಪಟ್ಟಿ ಬಿಟ್ಟುಬಿಡುತ್ತದೆ.

‘ಲೂಸ್’ ಜೋಡಿ ಕನ್ನಡಿಗರಿಗೆ ಇನ್ನೂ ತೊಡಕಿನದು. ಒಂದೇ ‘ಓ’ ಇದ್ದರೆ ಕಳೆದುಕೊಳ್ಳುವುದು, ಎರಡಿದ್ದರೆ ಸಡಿಲ. ಇಂಗ್ಲಿಷರ ಬಾಯಲ್ಲಿ ಮೊದಲನೆಯದು ‘ಜ಼’ ಎಂಬ ದನಿಯಲ್ಲಿ ಮುಗಿಯುತ್ತದೆ, ಎರಡನೆಯದು ‘ಸ’ದಲ್ಲಿ. ನಾವು ಎರಡನ್ನೂ ‘ಲೂಸ್’ ಎಂದೇ ಬರೆಯುತ್ತೇವೆ, ಹಾಗೇ ಓದುತ್ತೇವೆ. (ಬುದ್ಧಿ ಸಡಿಲವಾದವನನ್ನು ‘ಲೂಸು’ ಎನ್ನುವಾಗ ನಾವು ಹಿಡಿದಿರುವುದು ಎರಡು ‘ಓ’ಗಳ ಪದವನ್ನು.)

ಅಕ್ಕಪಕ್ಕದ ಪದಗಳನ್ನು ನೋಡಿ ಊಹಿಸುವ ತಂತ್ರಾಂಶ ಆಮೇಲೆ ಬಂತು. ಮೈಕ್ರೋಸಾಫ್ಟ್ ವರ್ಡ್ 2007ರ ಆವೃತ್ತಿಯಲ್ಲಿ ಇಂಥ ಪದಗಳಿಗೆ ನೀಲಿ ಗೆರೆ ಎಳೆಯತೊಡಗಿತು. ‘ದಿ’ ಆದಮೇಲೆ ಸಾಮಾನ್ಯವಾಗಿ ನಾಮಪದ ಬರುತ್ತದೆ, ಹಾಗಾಗಿ ಅಲ್ಲಿ ‘ಅಫೆಕ್ಟ್’ ಕಂಡರೆ ಅನುಮಾನಿಸಬಹುದು. ಪರಿಣಾಮ ಎಂಬ ನಾಮಪದ ‘ಎಫೆಕ್ಟ್’. ಬಾಧಿಸು, ಪ್ರಭಾವ ಬೀರು ಎಂಬ ಕ್ರಿಯಾಪದ ‘ಅಫೆಕ್ಟ್’.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ‘ಎಫೆಕ್ಟ್’ ಕ್ರಿಯಾಪದವೂ ಆಗುತ್ತದೆ, ಆಗ ಅದರ ಅರ್ಥ ‘ಆಗುಮಾಡು’. ಕಾರ್ಖಾನೆಯ ನೋಟಿಸಿನಲ್ಲಿ ‘ಹೊಸ ನಿಯಮವು ರಾಜಿಯನ್ನು ಅಫೆಕ್ಟ್ ಮಾಡುತ್ತದೆ’ ಎಂದಿದ್ದರೆ, ಆಗಲೇ ಆಗಿರುವ ರಾಜಿಗೆ ಧಕ್ಕೆ ಬರಬಹುದು. ‘ಎಫೆಕ್ಟ್ ಮಾಡುತ್ತದೆ’ ಎಂದಿದ್ದರೆ ರಾಜಿ ಆಗುವುದೇ ಆ ನಿಯಮದಿಂದ. ಇಂಗ್ಲಿಷಿನಲ್ಲಿ ಎರಡೂ ವಾಕ್ಯಗಳ ವ್ಯಾಕರಣ ಸರಿ, ಅಕ್ಕಪಕ್ಕದ ಪದಗಳೂ ಒಂದೇ. ನಿಜ ಗೊತ್ತಿರುವುದು ನೋಟಿಸ್ ಬರೆದವರಿಗೆ ಮಾತ್ರ. ಅನುಮಾನ ಬಂದರೆ ಆ ಜಾಗದಲ್ಲಿ ಕನ್ನಡದ ‘ಬಾಧಿಸು’, ‘ಆಗುಮಾಡು’ ಎರಡನ್ನೂ ಇಟ್ಟು ಓದಿದರೆ ಯಾವುದು ಬೇಕಿತ್ತೆಂದು ತಿಳಿಯುತ್ತದೆ.

ಗೋದಲಿಯ ಕಾಟಕ್ಕಂತೂ ಸುಲಭದ ಮದ್ದಿದೆ. ವರ್ಡ್‌ನಲ್ಲಿ ನಮಗೆ ಬೇಡದ ಪದಗಳನ್ನು ಹೊರಗಿಡುವ ಬೇರೆಯದೇ ಕಡತವಿದೆ. ಅದಕ್ಕೆ ‘ಮೇಂಜರ್’ ಸೇರಿಸಿದರೆ ಮುಂದೆ ಅದು ಬಂದಲ್ಲೆಲ್ಲ ಕೆಂಪು ಗೆರೆ ಬೀಳುತ್ತದೆ. ಕ್ರಿಸ್‌ಮಸ್ ಕಥೆ ಬರೆಯುವವರು ಮಾತ್ರ ಆ ಗೆರೆಯನ್ನು ಸಹಿಸಿಕೊಳ್ಳಬೇಕು.