ಆರು ಬೇಡಿಕೆ, ನಾಲ್ಕು ಲಕ್ಷ

ಸೆಪ್ಟೆಂಬರ್‌ನ ಮಹಾಸಭೆ ಹತ್ತಿರವಾದಂತೆ ಹಳ್ಳಿಯ ಹಾಲಿನ ಸಂಘಗಳಲ್ಲಿ ಒಂದು ಪ್ರಶ್ನೆ ಎದ್ದು ಕೂರುತ್ತದೆ. ಆಪದ್ಧನ, ಬೋನಸ್ಸು, ಷೇರಿನ ಲಾಭಾಂಶ ಎಲ್ಲವನ್ನೂ ತೆಗೆದಿಟ್ಟ ಮೇಲೆ ಉಳಿಯುವ ದುಡ್ಡಿನಲ್ಲಿ ಯಾವ ಕೆಲಸ ಮಾಡಿಸುವುದು? ಪ್ರತಿ ನಿರ್ದೇಶಕರ ಮನಸ್ಸಿನಲ್ಲೂ ಒಂದೊಂದು ಕೆಲಸ ಇರುತ್ತದೆ, ಪ್ರತಿಯೊಂದಕ್ಕೂ ಒಳ್ಳೆಯ ಕಾರಣವೂ ಇರುತ್ತದೆ. ಕೊನೆಗೆ ಹೆಚ್ಚು ಹೊತ್ತು ಮಾತಾಡಿದವರ ಕೆಲಸವೋ ಕಣ್ಣಿಗೆ ದೊಡ್ಡದಾಗಿ ಕಾಣುವ ಕಟ್ಟಡವೋ ಗೆಲ್ಲುತ್ತದೆ. ಅಂಕ ಹಾಕಿ ಆರಿಸುವ ಪದ್ಧತಿಯೊಂದಿದೆ. ಅದಕ್ಕೆ ಒಂದು ಹಾಳೆ, ಒಂದು ಸಂಜೆ ಸಾಕು. ಆದರೆ ಅರ್ಧಕ್ಕೇ ನಿಲ್ಲಿಸಿದರೆ ಅದೇ ಪದ್ಧತಿ ತಪ್ಪು ದಾರಿಗೂ ಎಳೆಯುತ್ತದೆ. ಹೇಗೆಂದು ನೋಡಲು ಲೆಕ್ಕಕ್ಕಾಗಿ ಒಂದು ಸಂಘವನ್ನು ಕಟ್ಟಿಕೊಳ್ಳೋಣ.

ದಿನಕ್ಕೆ 900 ಲೀಟರ್ ಹಾಲು, 180 ಮಂದಿ ಹಾಲು ಹಾಕುವವರು, ಕೈಯಲ್ಲಿ 4 ಲಕ್ಷ ರೂಪಾಯಿ. ಬೇಡಿಕೆಗಳು ಆರು. ಡೈರಿ ಕಟ್ಟಡದ ಹಳೆಯ ವೈರಿಂಗ್ ಬದಲಿಸಲು 60 ಸಾವಿರ. ಹೊಸ ಹಾಲು ಪರೀಕ್ಷೆಯ ಯಂತ್ರ, ತೂಕದ ಯಂತ್ರ ಮತ್ತು ಚೀಟಿ ಮುದ್ರಕಕ್ಕೆ ಒಂದೂವರೆ ಲಕ್ಷ. ಕರೆಂಟು ಹೋದಾಗ ಕೆಲಸ ನಿಲ್ಲದಂತೆ ಸೋಲಾರ್ ಮತ್ತು ಬ್ಯಾಟರಿಗೆ 1 ಲಕ್ಷ 80 ಸಾವಿರ. ಪಶು ಆಹಾರದ ದಾಸ್ತಾನು ಕೊಠಡಿಗೆ 3 ಲಕ್ಷ. ಇಪ್ಪತ್ತು ಮನೆಗೆ ಮೇವು ಕತ್ತರಿಸುವ ಯಂತ್ರ ಕೊಡಿಸಲು 1 ಲಕ್ಷ 20 ಸಾವಿರ. ಊರಿನ ಹಸುಗಳಲ್ಲಿ ಕೆಚ್ಚಲು ಬಾವನ್ನು ಮೊದಲೇ ಪತ್ತೆ ಹಚ್ಚಿ ತಡೆಯಲು 60 ಸಾವಿರ. ಒಟ್ಟು ಕೂಡಿದರೆ 8 ಲಕ್ಷ 70 ಸಾವಿರ, ಅಂದರೆ ಇರುವ ದುಡ್ಡಿನ ಎರಡು ಪಟ್ಟಿಗೂ ಮೇಲೆ.

ಅಂಕ ಹಾಕುವ ಮೊದಲು ಒಂದು ಕೆಲಸವನ್ನು ಪಟ್ಟಿಯಿಂದ ಹೊರಗೆ ತೆಗೆಯಬೇಕು. ವೈರಿಂಗ್ ಸುಟ್ಟ ವಾಸನೆ ಬರುತ್ತಿದೆ ಎಂದಾದರೆ ಅದು ಮೇವಿನ ಯಂತ್ರದ ಜೊತೆ ಸ್ಪರ್ಧೆಗೆ ನಿಲ್ಲುವ ವಿಷಯವಲ್ಲ. ಜೀವಕ್ಕೆ ಅಪಾಯವಿರುವುದು, ಕಾನೂನು ಮಾಡಲೇಬೇಕು ಎನ್ನುವುದು, ಮಾಡದಿದ್ದರೆ ಸಂಘದ ಬಾಗಿಲೇ ಮುಚ್ಚುವಂಥದ್ದು ಮೊದಲು ಆಗಬೇಕು, ಅವಕ್ಕೆ ಅಂಕವಿಲ್ಲ. ಆದರೆ ಈ ಬಾಗಿಲು ಕಿರಿದಾಗಿರಬೇಕು. ಬಿಟ್ಟರೆ ಎಲ್ಲರೂ ತಮ್ಮ ಕೆಲಸವೇ ಅನಿವಾರ್ಯವೆಂದು ಅಲ್ಲಿಂದ ನುಗ್ಗುತ್ತಾರೆ. ಉಳಿದದ್ದು ಐದು ಕೆಲಸ, 3 ಲಕ್ಷ 40 ಸಾವಿರ.

ಈಗ ಅಳತೆಗೋಲುಗಳು. ನಾಲ್ಕಕ್ಕಿಂತ ಹೆಚ್ಚು ಬೇಡ. ಎಷ್ಟು ಮನೆಗೆ ತಲುಪುತ್ತದೆ? ಹಾಲು ಹಾಕುವವರ ಆದಾಯ ಎಷ್ಟು ಏರುತ್ತದೆ, ಅಥವಾ ನಷ್ಟ ಎಷ್ಟು ತಗ್ಗುತ್ತದೆ? ಒಂದು ವರ್ಷ ತಡ ಮಾಡಿದರೆ ಏನು ಕಳೆದುಕೊಳ್ಳುತ್ತೇವೆ? ಕೊಂಡ ಮೇಲೆ ನಾವೇ ನಡೆಸಿಕೊಂಡು ಹೋಗಬಲ್ಲೆವೇ? ಎಲ್ಲವೂ ಒಂದೇ ಸಮನಲ್ಲದ ಕಾರಣ ಇವಕ್ಕೆ ತೂಕ ಕೊಡುತ್ತೇವೆ. ಆದಾಯಕ್ಕೆ 4, ತಲುಪುವುದಕ್ಕೆ 3, ತುರ್ತಿಗೆ 2, ನಡೆಸುವುದಕ್ಕೆ 1. ಖರ್ಚನ್ನು ಇಲ್ಲಿ ಅಳತೆಗೋಲಾಗಿ ಸೇರಿಸಬಾರದು. ಅದು ಮುಂದೆ ಬೇರೆ ರೀತಿಯಲ್ಲಿ ಲೆಕ್ಕಕ್ಕೆ ಬರುತ್ತದೆ, ಇಲ್ಲೂ ಸೇರಿಸಿದರೆ ಒಂದೇ ವಿಷಯವನ್ನು ಎರಡು ಸಲ ಎಣಿಸಿದಂತಾಗುತ್ತದೆ. ಈ ತೂಕಗಳನ್ನು ಅಂಕ ಹಾಕುವ ಮೊದಲೇ ನಡವಳಿ ಪುಸ್ತಕದಲ್ಲಿ ಬರೆದಿಡಬೇಕು. ಮೊತ್ತ ನೋಡಿದ ಮೇಲೆ ತೂಕ ತಿದ್ದಲು ಹೊರಟರೆ, ಬೇಕಾದ ಉತ್ತರ ಬರುವ ತನಕ ತಿದ್ದುತ್ತಲೇ ಇರುತ್ತೇವೆ.

ಅಂಕ 1ರಿಂದ 5. ಆದರೆ 5 ಎಂದರೆ ಏನು? ಇದನ್ನು ಮಾತಿನಲ್ಲಿ ಬರೆಯದಿದ್ದರೆ ಎಲ್ಲರೂ ಎಲ್ಲದಕ್ಕೂ 3 ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ತಲುಪುವುದಕ್ಕೆ 5 ಎಂದರೆ ಹಾಲು ಹಾಕುವ ಪ್ರತಿಯೊಬ್ಬರಿಗೂ ದಿನವೂ ಉಪಯೋಗ. 3 ಎಂದರೆ ಸುಮಾರು ಅರ್ಧ ಮಂದಿಗೆ. 1 ಎಂದರೆ ಇಪ್ಪತ್ತು ಮನೆ ಅಥವಾ ಅದಕ್ಕಿಂತ ಕಡಿಮೆ. ಹೀಗೆ ಬರೆದುಕೊಂಡರೆ ಮೇವಿನ ಯಂತ್ರಕ್ಕೆ ಯಾರೂ 3 ಕೊಡಲಾರರು.

ಅಂಕವನ್ನು ಒಬ್ಬೊಬ್ಬರೂ ಮಾತಾಡದೆ ಚೀಟಿಯಲ್ಲಿ ಬರೆಯಬೇಕು, ಆಮೇಲೆ ಚೀಟಿಗಳನ್ನು ಒಟ್ಟಿಗೆ ಬಿಚ್ಚಬೇಕು. ಅಧ್ಯಕ್ಷರು ಮೊದಲೇ ಬಾಯಿಬಿಟ್ಟರೆ ಉಳಿದವರ ಪೆನ್ನು ಆ ಕಡೆಗೇ ವಾಲುತ್ತದೆ. ಬಿಚ್ಚಿದಾಗ ನೋಡಬೇಕಾದದ್ದು ಸರಾಸರಿಯನ್ನಲ್ಲ, ಅಂತರವನ್ನು. ಹಾಲು ಪರೀಕ್ಷೆಯ ಯಂತ್ರದ ಆದಾಯದ ಸಾಲಿನಲ್ಲಿ ಒಬ್ಬ ನಿರ್ದೇಶಕರು 5 ಕೊಟ್ಟಿದ್ದಾರೆ, ಕಾರ್ಯದರ್ಶಿ 2 ಕೊಟ್ಟಿದ್ದಾರೆ ಎಂದುಕೊಳ್ಳಿ. ಕೂಡಿ ಭಾಗಿಸಿ ಮೂರೂವರೆ ಎಂದು ಬರೆದುಬಿಟ್ಟರೆ ಅಲ್ಲಿದ್ದ ತಿಳಿವಳಿಕೆಯೆಲ್ಲ ಹೋಯಿತು. ಕೇಳಿದರೆ ನಿರ್ದೇಶಕರು ಹೇಳುತ್ತಾರೆ, ‘ಫ್ಯಾಟು ಕಡಿಮೆ ತೋರಿಸ್ತಿದೆ ಅಂತ ಬೀದಿ ತುಂಬ ಮಾತು, ಸಾರ್. ದಿನಾ ಎಲ್ಲರಿಗೂ ನಷ್ಟ.’ ಕಾರ್ಯದರ್ಶಿ ಹೇಳುತ್ತಾರೆ, ‘ಯಂತ್ರ ಕೆಟ್ಟಿಲ್ಲಣ್ಣ, ತೊಳೆಯೋದು ಸರಿಯಾಗ್ತಿಲ್ಲ. ಹೊಸದು ತಂದರೂ ಆರು ತಿಂಗಳಿಗೆ ಇದೇ ಕತೆ.’ ಯಾರ ಮಾತು ಸರಿ ಎಂದು ಮೇಜಿನ ಸುತ್ತ ತೀರ್ಮಾನಿಸುವಂತಿಲ್ಲ, ಆದರೆ ಪರೀಕ್ಷಿಸಬಹುದು. ಯಂತ್ರವನ್ನು ಚೆನ್ನಾಗಿ ತೊಳೆದು, ಕೆಲವು ದಿನ ಅದೇ ಮಾದರಿಗಳನ್ನು ಆಮ್ಲ ಹಾಕಿ ತಿರುಗಿಸುವ ಹಳೆಯ ಗರ್ಬರ್ ವಿಧಾನದಲ್ಲೂ ನೋಡಿದರೆ ಸಾಕು. ಖರ್ಚು ಅತಿ ಕಡಿಮೆ, ಒಂದೂವರೆ ಲಕ್ಷದ ಪ್ರಶ್ನೆಗೆ ಉತ್ತರ ಸಿಗುತ್ತದೆ. ನಮ್ಮ ಲೆಕ್ಕದ ಸಂಘದಲ್ಲಿ ತೊಳೆದ ಮೇಲೆ ವ್ಯತ್ಯಾಸ ತಗ್ಗಿತು, ಆದರೆ ಪೂರ್ತಿ ಹೋಗಲಿಲ್ಲ ಎಂದಿಟ್ಟುಕೊಂಡು ಆದಾಯಕ್ಕೆ 3 ಕೊಡೋಣ. ಅಂಕ ಹಾಕುವುದರ ದೊಡ್ಡ ಲಾಭ ಇಂಥ ಜಾಗಗಳನ್ನು ಹುಡುಕಿಕೊಡುವುದು ಎಂದು ನನ್ನ ನಂಬಿಕೆ. ಮೊತ್ತ ಬರುವುದು ಆಮೇಲೆ.

ಈಗ ಮೊತ್ತ. ದಾಸ್ತಾನು ಕೊಠಡಿಗೆ ತಲುಪುವುದರಲ್ಲಿ 4, ಆದಾಯದಲ್ಲಿ 4, ತುರ್ತಿನಲ್ಲಿ 3, ನಡೆಸುವುದರಲ್ಲಿ 5 ಬಂದಿದೆ. ತೂಕದಿಂದ ಗುಣಿಸಿದರೆ 12, 16, 6 ಮತ್ತು 5, ಒಟ್ಟು 39. ಇದೇ ರೀತಿ ಪರೀಕ್ಷಾ ಯಂತ್ರಕ್ಕೆ 38, ಕೆಚ್ಚಲು ಬಾವಿನ ಕೆಲಸಕ್ಕೆ 36, ಸೋಲಾರಿಗೆ 29, ಮೇವಿನ ಯಂತ್ರಕ್ಕೆ 27. ಕೊಠಡಿಯೇ ಮೊದಲು. ಬಹಳ ಸಂಘಗಳು ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ತಟ್ಟಿಬಿಡುತ್ತವೆ, ಅದೇ ತಪ್ಪು. ಕೊಠಡಿ ಕಟ್ಟಿದರೆ 3 ಲಕ್ಷ ಹೋಗಿ 40 ಸಾವಿರ ಉಳಿಯುತ್ತದೆ. ಅಷ್ಟಕ್ಕೆ ಪಟ್ಟಿಯಲ್ಲಿ ಇನ್ನೇನೂ ಸಿಗುವುದಿಲ್ಲ. ವರ್ಷಕ್ಕೆ ಸಂಘ ಗಳಿಸಿದ್ದು 39 ಅಂಕದ ಒಂದೇ ಕೆಲಸ.

ಅಂಕವನ್ನು ಖರ್ಚಿನಿಂದ ಭಾಗಿಸಿ ನೋಡಿ. ಪ್ರತಿ 10 ಸಾವಿರ ರೂಪಾಯಿಗೆ ಕೊಠಡಿ ಕೊಡುವುದು 1.3 ಅಂಕ. ಸೋಲಾರ್ 1.6, ಮೇವಿನ ಯಂತ್ರ 2.25, ಪರೀಕ್ಷಾ ಯಂತ್ರ ಸುಮಾರು 2.5. ಕೆಚ್ಚಲು ಬಾವಿನ ಕೆಲಸ 6. ಮೊದಲಿದ್ದ ಕೊಠಡಿ ಕೊನೆಗೆ ಬಂತು. ಈ ಕ್ರಮದಲ್ಲಿ ಮೇಲಿಂದ ತೆಗೆದುಕೊಳ್ಳುತ್ತ ಹೋದರೆ ಕೆಚ್ಚಲು ಬಾವು, ಪರೀಕ್ಷಾ ಯಂತ್ರ, ಮೇವಿನ ಯಂತ್ರ ಮೂರೂ ಸೇರಿ 3 ಲಕ್ಷ 30 ಸಾವಿರದಲ್ಲಿ ಆಗುತ್ತವೆ, ಅಂಕ 101. ಒಂದೊಂದನ್ನೇ ಹೋಲಿಸಿದಾಗ ಗೆದ್ದದ್ದು, ಬುಟ್ಟಿಯಾಗಿ ಹೋಲಿಸಿದಾಗ ಸೋತಿತು. ಇದು ಪೂರ್ತಿ ಕೈತಪ್ಪದ ವಿಧಾನವಲ್ಲ. ಕೆಲವೊಮ್ಮೆ ಮೊದಲು ಸಣ್ಣದನ್ನು ತುಂಬಿಕೊಂಡು ದೊಡ್ಡದೊಂದಕ್ಕೆ ಸ್ವಲ್ಪದರಲ್ಲಿ ಜಾಗ ತಪ್ಪುತ್ತದೆ. ಆದರೆ ಐದಾರು ಕೆಲಸವಿದ್ದರೆ ಸಾಧ್ಯವಿರುವ ಎಲ್ಲ ಬುಟ್ಟಿಗಳನ್ನೂ ಕೈಯಲ್ಲೇ ಬರೆದು ನೋಡಬಹುದು.

ಅರವತ್ತು ಸಾವಿರದ ಆ ಕೆಲಸ ಇಷ್ಟು ಮೇಲೆ ಬಂದದ್ದು ಏಕೆ ಎನ್ನುವುದನ್ನು ಹೇಳಲೇಬೇಕು. ಕೆಚ್ಚಲು ಬಾವು ಬಹಳ ಸಲ ಕಣ್ಣಿಗೆ ಕಾಣುವುದಿಲ್ಲ. ಕೆಚ್ಚಲು ಊದಿರುವುದಿಲ್ಲ, ಹಾಲು ಒಡೆದಿರುವುದಿಲ್ಲ, ಆದರೂ ಹಸು ಕೊಡಬೇಕಾದಷ್ಟು ಕೊಡುವುದಿಲ್ಲ. ನಾಲ್ಕು ಗುಳಿಯ ತಟ್ಟೆಯಲ್ಲಿ ಒಂದೊಂದು ಮೊಲೆಯ ಹಾಲನ್ನು ಬೇರೆಬೇರೆಯಾಗಿ ಹಿಂಡಿ, ಅಷ್ಟೇ ಪರೀಕ್ಷಾ ದ್ರಾವಣ ಹಾಕಿ ತಿರುಗಿಸಿದರೆ, ಸೋಂಕಿದ್ದ ಗುಳಿಯಲ್ಲಿ ಹಾಲು ಲೋಳೆಯಾಗುತ್ತದೆ. ಕರೆದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದು ತಡೆಯ ಮುಖ್ಯ ಭಾಗ. ಇದಕ್ಕೆ ಶಿಲಾಫಲಕವಿಲ್ಲ, ಉದ್ಘಾಟನೆಯಿಲ್ಲ. ಬಾಯಿಮಾತಿನ ಸಭೆಯಲ್ಲಿ ಇಂಥ ಕೆಲಸ ಪ್ರತಿ ವರ್ಷವೂ ಸೋಲುತ್ತದೆ.

ಇದರಲ್ಲೂ ಒಂದು ಅಪಾಯವಿದೆ. ಮೂರು ತಿಂಗಳು ಉತ್ಸಾಹದಿಂದ ನಡೆದು, ಆಮೇಲೆ ಅದ್ದುವ ಬಟ್ಟಲು ಕೊಟ್ಟಿಗೆಯ ಮೂಲೆ ಸೇರಿದರೆ? ಆ ಅನುಮಾನವನ್ನು ಲೆಕ್ಕಕ್ಕೆ ತರಬಹುದು. ಕೆಲಸ ಅರ್ಧಕ್ಕೆ ನಿಲ್ಲುವ ಸಾಧ್ಯತೆಯೇ ಹೆಚ್ಚು ಎಂದು 36ನ್ನು 18 ಮಾಡಿ ನೋಡಿ. ಆಗಲೂ 10 ಸಾವಿರಕ್ಕೆ 3 ಅಂಕ, ಆಗಲೂ ಮೊದಲು. ಹೀಗೆ ಅಲುಗಿಸಿ ನೋಡುವುದು ಬಹಳ ಮುಖ್ಯ. ನಾಲ್ಕೂ ಅಳತೆಗೋಲಿಗೆ ಒಂದೇ ತೂಕ ಕೊಟ್ಟರೆ ನಮ್ಮ ಪಟ್ಟಿಯ ಕ್ರಮ ಬದಲಾಗುವುದೇ ಇಲ್ಲ. ಅಮೆರಿಕದ ಮನೋವಿಜ್ಞಾನಿ ರಾಬಿನ್ ಡಾಸ್ 1979ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನೇ ತೋರಿಸಿದ್ದರು. ಸರಿಯಾದ ಅಳತೆಗೋಲುಗಳನ್ನು ಆರಿಸಿಕೊಂಡಿದ್ದರೆ, ಎಲ್ಲಕ್ಕೂ ಸಮ ತೂಕ ಕೊಟ್ಟರೂ ತೀರ್ಮಾನ ಬಹುಮಟ್ಟಿಗೆ ಕೆಡುವುದಿಲ್ಲ. ಹಾಗಾಗಿ ಆದಾಯಕ್ಕೆ 4 ಕೊಡಬೇಕೋ 5 ಕೊಡಬೇಕೋ ಎಂದು ರಾತ್ರಿಯಿಡೀ ಜಗಳವಾಡುವುದು ಬೇಡ. ಆದರೆ ಮೇವಿನ ಯಂತ್ರದ ಆದಾಯದ ಅಂಕವನ್ನು 4ರಿಂದ 2ಕ್ಕೆ ಇಳಿಸಿದರೆ ಅದು ಸೋಲಾರಿಗಿಂತ ಕೂದಲೆಳೆಯಷ್ಟು ಕೆಳಗೆ ಬೀಳುತ್ತದೆ. ಪಟ್ಟಿಯ ಮೆತ್ತಗಿನ ಜಾಗ ಅದು. ಸಭೆಯ ಸಮಯ ಹೋಗಬೇಕಾದದ್ದು ಅಲ್ಲಿಗೆ.

ಮೇವಿನ ಯಂತ್ರದಲ್ಲಿ ಅಂಕ ಹೇಳದ ಇನ್ನೊಂದು ವಿಷಯವಿದೆ. 180 ಮಂದಿಯ ದುಡ್ಡಿನಲ್ಲಿ ಇಪ್ಪತ್ತು ಮನೆಗೆ ಯಂತ್ರ. ಯಾವ ಇಪ್ಪತ್ತು? ಒಂದು ಸಾಲಿನಲ್ಲಿ ಬಂದ 1ನ್ನು ಇನ್ನೊಂದು ಸಾಲಿನ 4 ಮುಚ್ಚಿಹಾಕಿದೆ, ಕೂಡುವ ಲೆಕ್ಕದ ಸ್ವಭಾವವೇ ಅದು. ಅದಕ್ಕೇ ತಲುಪುವುದರಲ್ಲಿ 2ಕ್ಕಿಂತ ಕಡಿಮೆ ಬಂದದ್ದಕ್ಕೆ ಸಂಘದ ದುಡ್ಡು ದಾನವಾಗಿ ಇಲ್ಲ ಎಂಬ ಕೆಳಗೆರೆಯನ್ನು ಮೊದಲೇ ಎಳೆದಿರಬೇಕು ಎನ್ನುತ್ತೇನೆ. ಬೈಲಾದಲ್ಲಿ ಅವಕಾಶವಿದ್ದರೆ ಯಂತ್ರವನ್ನು ಸಾಲವಾಗಿ ಕೊಟ್ಟು ಹಾಲಿನ ಬಟವಾಡೆಯಲ್ಲಿ ಕಂತು ಹಿಡಿದುಕೊಳ್ಳಬಹುದು. ಆಗ 1 ಲಕ್ಷ 20 ಸಾವಿರ ವರ್ಷದೊಳಗೆ ಮರಳಿ ಬರುತ್ತದೆ.

ಹಾಗಾದರೆ ಕೊಠಡಿ? ಖರ್ಚಿನಿಂದ ಭಾಗಿಸುವ ಪದ್ಧತಿಗೆ ಸಣ್ಣದರ ಮೇಲೆ ಒಲವಿದೆ, ದೊಡ್ಡ ಕೆಲಸಗಳು ಪ್ರತಿ ವರ್ಷವೂ ಹಿಂದೆ ಬೀಳುತ್ತವೆ. ಅದಕ್ಕೆ ದಾರಿ, ಮರಳಿ ಬರುವ ಕಂತನ್ನೂ ಉಳಿಕೆಯನ್ನೂ ಕಟ್ಟಡ ನಿಧಿಗೆ ಹಾಕುತ್ತ ಹೋಗುವುದು. ಆದರೆ ಮುಂದಿನ ವರ್ಷ ಅಂಕ ಹಾಕುವಾಗ ಒಂದು ಎಚ್ಚರ ಬೇಕು. ನಿಧಿಯಲ್ಲಿ ಆಗಲೇ 1 ಲಕ್ಷ 30 ಸಾವಿರ ಇದೆ, ಇನ್ನು 1 ಲಕ್ಷ 70 ಸಾವಿರ ಹಾಕಿದರೆ ಸಾಕು ಎಂದು ಯಾರಾದರೂ ಹೇಳುತ್ತಾರೆ. ನಿಧಿಯಲ್ಲಿರುವ ದುಡ್ಡು ಇನ್ನೂ ಖರ್ಚಾಗಿಲ್ಲ, ಮಹಾಸಭೆ ಮನಸ್ಸು ಮಾಡಿದರೆ ಬೇರೆಯದಕ್ಕೂ ತಿರುಗಿಸಬಹುದು. ಹಾಗಾಗಿ ಭಾಗಿಸಬೇಕಾದದ್ದು ಪೂರ್ತಿ 3 ಲಕ್ಷದಿಂದಲೇ. ಗೋಡೆ ಅರ್ಧ ಎದ್ದು ನಿಂತಿದ್ದರೆ ಮಾತು ಬೇರೆ. ಗೋಡೆಗೆ ಹೋದದ್ದು ಹೋಯಿತು, ಆಗ ಮುಗಿಸಲು ಬೇಕಾದಷ್ಟನ್ನೇ ಲೆಕ್ಕಕ್ಕೆ ಹಿಡಿಯಬೇಕು.