ಬೆಟ್ಟ ಕಾಣದ ತಿಂಗಳನ್ನೂ ಬರೆಯಿರಿ

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆ ಹೋಗುವ ದಾರಿಯಲ್ಲಿ ಹೋಂಸ್ಟೇ ಬೋರ್ಡುಗಳು ಒಂದರ ಹಿಂದೊಂದು ಸಿಗುತ್ತವೆ. ಆ ಮನೆಗಳ ಪರಿಚಯವನ್ನು ಫೋನಿನಲ್ಲಿ ಓದಿದರೆ ಮಾತ್ರ ಎಲ್ಲವೂ ಒಂದೇ ಮನೆಯೇನೋ ಅನಿಸುತ್ತದೆ. ಕಾಫಿ ತೋಟದ ನಡುವೆ, ದಿನವಿಡೀ ಬಿಸಿನೀರು, ವೈಫೈ, ಮಲೆನಾಡಿನ ಊಟ, ಹತ್ತಿರದಲ್ಲೇ ಜಲಪಾತ. ಇದರಲ್ಲಿ ಯಾವುದೂ ಸುಳ್ಳಲ್ಲದಿರಬಹುದು. ಆದರೆ ಜುಲೈಯಲ್ಲಿ ಮಗುವನ್ನು ಎತ್ತಿಕೊಂಡು ಬರುವವರಿಗೂ ಏಪ್ರಿಲ್‌ನಲ್ಲಿ ಜಲಪಾತ ನೋಡಲೆಂದೇ ಬರುವವರಿಗೂ ಇದೇ ಮಾತನ್ನು ಹೇಳಿದರೆ ಯಾರಾದರೊಬ್ಬರು ಬೇಸರದಿಂದ ವಾಪಸಾಗುವುದು ಖಂಡಿತ. ನನ್ನ ಪ್ರಕಾರ ಹೋಂಸ್ಟೇ ಪರಿಚಯದ ಪ್ರತಿ ಸೌಕರ್ಯದ ಪಕ್ಕದಲ್ಲಿ ಮೂರು ಉತ್ತರ ಇರಬೇಕು: ಯಾವಾಗ ಸಿಗುತ್ತದೆ, ಎಷ್ಟು ಸಿಗುತ್ತದೆ, ಯಾವಾಗ ಸಿಗುವುದಿಲ್ಲ.

ಮಾತು ಸ್ಪಷ್ಟವಾಗಲು ಇದೇ ಭಾಗದ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮಾಲೀಕರ ಕುಟುಂಬ ಅಲ್ಲೇ ವಾಸವಾಗಿದೆ, ಅತಿಥಿಗಳಿಗೆ ಮೂರು ಕೋಣೆ, ಸುತ್ತ ಕಾಫಿ ಮತ್ತು ಮೆಣಸು, ಡಾಂಬರು ರಸ್ತೆಯಿಂದ ಮನೆಗೆ 800 ಮೀಟರ್ ಮಣ್ಣಿನ ದಾರಿ. ಮಾಡಿನ ಮೇಲೆ ಸೋಲಾರ್ ವಾಟರ್ ಹೀಟರ್, ಒಳಗೆ ಒಂದು ಇನ್ವರ್ಟರ್, ಬಚ್ಚಲಿನಲ್ಲಿ ಹಳೆಯ ತಾಮ್ರದ ಹಂಡೆ. ಮಲೆನಾಡಿನಲ್ಲಿ ಇಂಥ ಮನೆಗಳು ಸಾಕಷ್ಟಿವೆ.

ಮೊದಲು ಕರೆಂಟು. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಒಂದಿಡೀ ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ವಿದ್ಯುತ್ ಇರುವುದಿಲ್ಲ. ಆಗ ಬೆಂಗಳೂರಿನ ಅತಿಥಿ 'ಪವರ್ ಬ್ಯಾಕಪ್ ಇದೆ ಅಂದಿದ್ರಲ್ಲ' ಎನ್ನುತ್ತಾರೆ. ಅವರ ಮನಸ್ಸಿನಲ್ಲಿರುವುದು ಅಪಾರ್ಟ್‌ಮೆಂಟಿನ ಜನರೇಟರ್. ಇಲ್ಲಿರುವುದು 150 ಆ್ಯಂಪಿಯರ್ ಅವರ್‌ನ ಒಂದು ಬ್ಯಾಟರಿ. 12 ವೋಲ್ಟಿನ ಈ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್ ಅವರ್ ಶಕ್ತಿ ಇದೆ. ಸೋರಿಕೆ, ಬ್ಯಾಟರಿಯ ವಯಸ್ಸು ಎಲ್ಲ ಕಳೆದು ಸಾವಿರದ ಆಸುಪಾಸು ಕೈಗೆ ಸಿಕ್ಕರೆ ದೊಡ್ಡದು. ಮೂರು ಕೋಣೆಗೂ ಒಂದೊಂದು ಫ್ಯಾನ್, ಒಂದೊಂದು ದೀಪ ಹಾಕಿದರೆ ಸುಮಾರು 240 ವ್ಯಾಟ್ ಆಗುತ್ತದೆ, ಅಂದರೆ ನಾಲ್ಕು ಗಂಟೆ. ಮಳೆಗಾಲದಲ್ಲಿ ಫ್ಯಾನ್ ಬೇಕಾಗುವುದಿಲ್ಲ, ಬರೀ ದೀಪ ಮತ್ತು ವೈಫೈ ಪೆಟ್ಟಿಗೆಯಾದರೆ ರಾತ್ರಿಯಿಡೀ ನಡೆಯುತ್ತದೆ. 2,000 ವ್ಯಾಟಿನ ಗೀಸರ್ ಅಥವಾ ಹೇರ್ ಡ್ರೈಯರ್ ಅದರಲ್ಲಿ ನಡೆಯುವುದೇ ಇಲ್ಲ. ಆದ್ದರಿಂದ 'ಪವರ್ ಬ್ಯಾಕಪ್' ಎಂಬ ಎರಡು ಪದದ ಜಾಗದಲ್ಲಿ ಹೀಗೆ ಬರೆಯಬೇಕು: 'ಕರೆಂಟು ಹೋದಾಗ ದೀಪ, ಫ್ಯಾನ್ ಮತ್ತು ಫೋನ್ ಚಾರ್ಜಿಗೆ ಸುಮಾರು ನಾಲ್ಕು ಗಂಟೆ ಇನ್ವರ್ಟರ್ ಇದೆ. ಗೀಸರ್ ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನವಿಡೀ ಕರೆಂಟು ಇಲ್ಲದಿರುವುದೂ ಉಂಟು.' ಈ ಮಾತನ್ನು ಓದಿಯೂ ಬರುವವರು ಟಾರ್ಚು, ಪವರ್ ಬ್ಯಾಂಕು ಹಿಡಿದೇ ಬರುತ್ತಾರೆ.

ಬಿಸಿನೀರಿನ ಕಥೆಯೂ ಇದಕ್ಕೆ ಹೊಂದಿಕೊಂಡದ್ದೇ. ವಾರಗಟ್ಟಲೆ ಬಿಸಿಲು ಕಾಣದ ಜುಲೈಯಲ್ಲಿ ಸೋಲಾರ್ ನೀರು ಉಗುರುಬೆಚ್ಚಗೂ ಆಗುವುದಿಲ್ಲ. ಆಗ ಕೈಹಿಡಿಯುವುದು ಹಂಡೆ. ಅದನ್ನು ಮುಚ್ಚಿಡುವ ಅಗತ್ಯವೇನೂ ಇಲ್ಲ. 'ಮಳೆಗಾಲದಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 8ರವರೆಗೆ ಸೌದೆ ಒಲೆಯ ಹಂಡೆಯಿಂದ ಬಕೆಟ್‌ನಲ್ಲಿ ಬಿಸಿನೀರು ಕೊಡುತ್ತೇವೆ, ಶವರ್‌ನಲ್ಲಿ ಬರುವುದಿಲ್ಲ' ಎಂದು ಬರೆದರೆ ಸಾಕು. ಶವರ್ ಬೇಕೇಬೇಕು ಎನ್ನುವವರು ಬೇರೆ ಮನೆ ಹುಡುಕಿಕೊಳ್ಳುತ್ತಾರೆ. ಅದರಿಂದ ಇಬ್ಬರಿಗೂ ಒಳ್ಳೆಯದೇ.

ಇನ್ನು ಆ 800 ಮೀಟರ್ ದಾರಿ. ನಾನು ಕಂಡಂತೆ ಪರಿಚಯ ಬರಹಗಳಲ್ಲಿ ತೀರಾ ಬಿಟ್ಟುಹೋಗುವ ಸಂಗತಿ ಇದು. ಒಣ ದಿನದಲ್ಲಿ ಯಾವ ಕಾರಾದರೂ ಬರುತ್ತದೆ. ಮಳೆಯಲ್ಲಿ ಮಣ್ಣು ಕಲಸಿಕೊಂಡಾಗ ತಗ್ಗು ಕಾರಿನ ಚಕ್ರ ಏರಿನಲ್ಲಿ ನಿಂತಲ್ಲೇ ತಿರುಗುತ್ತದೆ, ಟೆಂಪೋ ಟ್ರಾವೆಲರ್ ತಿರುವಿನಲ್ಲೇ ಸಿಕ್ಕಿಕೊಳ್ಳುತ್ತದೆ. ಕಾರನ್ನು ಎಲ್ಲಿ ನಿಲ್ಲಿಸಬೇಕು, ಅಲ್ಲಿ ರಾತ್ರಿ ಯಾರಾದರೂ ನೋಡಿಕೊಳ್ಳುತ್ತಾರೆಯೇ, ಜೀಪು ಕಳಿಸುವುದು ಬಾಡಿಗೆಯಲ್ಲೇ ಸೇರಿದೆಯೇ ಬೇರೆಯೇ ಎಂಬುದನ್ನೆಲ್ಲ ಮೊದಲೇ ತಿಳಿಸಿ. ಮ್ಯಾಪಿನ ಗುರುತು ತೋಟದ ಹಿಂಬದಿಗೆ ಕರೆದೊಯ್ಯುವಂತಿದ್ದರೆ ಕೊನೆಯ ತಿರುವಿನ ಅಂಗಡಿಯನ್ನೋ ಬಸ್ ನಿಲ್ದಾಣವನ್ನೋ ಹೆಸರಿಸಿ. ಯಾವ ಕಂಪನಿಯ ಸಿಗ್ನಲ್ ಮನೆಯೊಳಗೆ ಬರುತ್ತದೆ, ಯಾವುದು ಅಂಗಳದ ತುದಿಯಲ್ಲಷ್ಟೇ ಸಿಗುತ್ತದೆ ಎಂಬ ಒಂದು ಸಾಲು ಮನೆಯಿಂದಲೇ ಕೆಲಸ ಮಾಡುವವರಿಗೆ ಅತ್ಯಗತ್ಯ.

'ವರ್ಷಪೂರ್ತಿ ಬರಬಹುದು' ಎನ್ನುವ ಸಾಲನ್ನು ನಾನು ಒಪ್ಪುವುದಿಲ್ಲ. ಮಲೆನಾಡಿನಲ್ಲಿ ಪ್ರತಿ ಕಾಲವೂ ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳ ತುಂಬಿರುತ್ತದೆ, ಅಡುಗೆಮನೆಯಲ್ಲಿ ಪತ್ರೊಡೆ, ಕಳಲೆ, ಅಣಬೆ ಇರುತ್ತದೆ. ಆದರೆ ಮಂಜಿನಲ್ಲಿ ಎದುರಿನ ಬೆಟ್ಟ ದಿನಗಟ್ಟಲೆ ಕಾಣುವುದಿಲ್ಲ, ತೋಟದೊಳಗೆ ಕಾಲಿಟ್ಟರೆ ಇಂಬಳ ಹತ್ತುತ್ತದೆ, ಒಗೆದ ಬಟ್ಟೆ ಒಣಗುವುದಿಲ್ಲ, ಗುಡ್ಡ ಕುಸಿದರೆ ಚಾರ್ಮಾಡಿ ಘಾಟಿ ಮುಚ್ಚುತ್ತದೆ. 2019ರ ಆಗಸ್ಟ್ ಮಳೆಯಲ್ಲಿ ಹಾಗೆಯೇ ಆಯಿತು. ಮಂಗಳೂರು ಕಡೆಯಿಂದ ಬರುವವರಿಗೆ ಇದು ಮುಖ್ಯ ವಿಚಾರ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಹಸಿರು ಇನ್ನೂ ಉಳಿದಿದ್ದು ಆಕಾಶ ತಿಳಿಯಾಗುತ್ತದೆ. ಮೊದಲ ಸಲ ಬರುವವರಿಗೆ ನಾನು ಹೇಳುವುದು ಈ ಎರಡು ತಿಂಗಳನ್ನೇ.

ಡಿಸೆಂಬರ್, ಜನವರಿ ಕಾಫಿ ಕೊಯ್ಲಿನ ಕಾಲ. ಬೆಳಗಿನ ಚಳಿ, ಕೆಂಪು ಹಣ್ಣು, ನೋಡಲು ಚೆಂದ. ಅದೇ ಹೊತ್ತಿಗೆ ಮನೆಯವರಿಗೆ ಉಸಿರಾಡಲು ಬಿಡುವಿರುವುದಿಲ್ಲ, ಕಣದ ತುಂಬ ಕಾಫಿ ಹರಡಿರುತ್ತದೆ. ಅತಿಥಿಗಳ ಮಕ್ಕಳು ಅದರ ಮೇಲೆ ಓಡಾಡುವಂತಿಲ್ಲ. ಪಲ್ಪಿಂಗ್ ಮಾಡುವ ತೋಟವಾದರೆ ಹುಳಿವಾಸನೆಯೂ ಬರುತ್ತದೆ. ಇದನ್ನೆಲ್ಲ ಹೇಳಿಬಿಟ್ಟರೆ, ಕೊಯ್ಲು ನೋಡುವ ಆಸೆ ಇರುವವರು ಅದಕ್ಕೆಂದೇ ಬರುತ್ತಾರೆ. ಕಾಫಿ ಹೂವಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಅಥವಾ ಸ್ಪ್ರಿಂಕ್ಲರ್ ನೀರು ಕೊಟ್ಟ ಸುಮಾರು ಒಂದು ವಾರ, ಹತ್ತು ದಿನಕ್ಕೆ ಗಿಡವೆಲ್ಲ ಒಮ್ಮೆಗೇ ಬೆಳ್ಳಗಾಗುತ್ತದೆ. ಮೂರು ನಾಲ್ಕು ದಿನದಲ್ಲಿ ಬಾಡುತ್ತದೆ. ತಿಂಗಳ ಮೊದಲೇ ಅದರ ತಾರೀಕು ಹೇಳಲು ಯಾರಿಂದಲೂ ಆಗದು. 'ಮಳೆ ಬಿದ್ದ ದಿನ ಮೆಸೇಜ್ ಮಾಡುತ್ತೇವೆ, ಒಂದು ವಾರದಲ್ಲಿ ಹೊರಡಲು ಆಗುವವರು ಹೆಸರು ಕೊಡಿ' ಎನ್ನುವುದೇ ಪ್ರಾಮಾಣಿಕ ದಾರಿ. ಆ ದಿನಗಳಲ್ಲಿ ಹಳ್ಳ ಸೊರಗಿರುತ್ತದೆ, ಬೆಟ್ಟದ ಹುಲ್ಲು ಒಣಗಿರುತ್ತದೆ. ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಚಾರಣದ ಹಾದಿಗಳನ್ನು ಮುಚ್ಚುವುದೂ ಉಂಟು. ಫೋಟೋ ಹಾಕುವಾಗ ಅದರ ಕೆಳಗೆ ತೆಗೆದ ತಿಂಗಳನ್ನು ಬರೆಯಿರಿ. ಆಗಸ್ಟ್‌ನ ಜಲಪಾತ ನೋಡಿ ಏಪ್ರಿಲ್‌ಗೆ ಕೋಣೆ ಹಿಡಿದವರ ಸಿಟ್ಟು ಆ ಒಂದು ಪದದಿಂದ ತಪ್ಪುತ್ತದೆ.

ಮನೆಯ ನಿಯಮಗಳಿಗೆ ಕಾರಣವನ್ನೂ ಸೇರಿಸಿದರೆ ಪಾಲಿಸುವವರು ಹೆಚ್ಚು. 'ಸಂಜೆ ಆರೂವರೆ ನಂತರ ತೋಟದಲ್ಲಿ ತಿರುಗಾಡುವಂತಿಲ್ಲ' ಎಂದಷ್ಟೇ ಬರೆದರೆ ಅದು ಗದರಿಕೆಯಾಗಿ ಕೇಳುತ್ತದೆ. 'ಆನೆಗಳು ಈ ದಾರಿಯಲ್ಲಿ ಓಡಾಡುತ್ತವೆ' ಎಂದು ಸೇರಿಸಿ ನೋಡಿ, ಯಾರೂ ವಾದಿಸುವುದಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕದಿರುವುದು ದೇಶದ ಕಾನೂನೇ. ಮದ್ಯ, ಹೊರಗಿನ ಊಟ, ಸಾಕುನಾಯಿ ಇವುಗಳ ಬಗ್ಗೆ ನಿಮ್ಮ ಮನೆಯ ಮಾತು ಏನಿದೆಯೋ ಅದನ್ನು ಹೌದು ಅಥವಾ ಇಲ್ಲ ಎಂದು ನೇರವಾಗಿ ಹೇಳಿ.

ಒಂದು ನಿಯಮಕ್ಕೆ ಮಾತ್ರ ಯಾವ ರಿಯಾಯಿತಿಯೂ ಬೇಡ. ಅದು ತೋಟದ ಕೆರೆ. ನೀರಾವರಿಗೆಂದು ತೋಡಿದ ಈ ಕೆರೆಗಳ ದಂಡೆ ಬಹಳ ಕಡೆ ಕಡಿದಾಗಿರುತ್ತದೆ, ಇಳಿದ ಎರಡನೇ ಹೆಜ್ಜೆಗೇ ಆಳ. ತಳದಲ್ಲಿ ಕಾಲು ಹೂಳುವ ಕೆಸರು. ಈಜುಕೊಳದಲ್ಲಿ ಈಜಿ ಅಭ್ಯಾಸವಿರುವವರಿಗೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಆ ಕೆರೆಯ ಚೆಂದದ ಫೋಟೋ ಹಾಕಿ, ಇಳಿಯಬಾರದು ಎನ್ನುವುದನ್ನು ಬಾಯಿಮಾತಿಗೆ ಬಿಡುವುದು ಅಪಾಯ. ಫೋಟೋದ ಕೆಳಗೇ ಬರೆಯಿರಿ, ಕೆರೆಯ ಬಳಿ ಬೇಲಿ ಕಟ್ಟಿ, ಹಗ್ಗ ಮತ್ತು ಟ್ಯೂಬ್ ಇಡಿ. ಅತಿಥಿಗಳೂ ಮಕ್ಕಳಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ನೀರು ಮನೆಯಿಂದ ಎಷ್ಟು ದೂರ, ಬೇಲಿ ಇದೆಯೇ?

ಬುಕಿಂಗ್ ವಿಷಯದಲ್ಲಿ ಜಗಳ ಹುಟ್ಟುವುದು ಬಹುತೇಕ 'ಒಂದು ದಿನ' ಎಂದರೇನು ಎಂಬಲ್ಲಿ. ನಮ್ಮ ಮನೆಯ ಲೆಕ್ಕವನ್ನೇ ನೋಡೋಣ. ದೊಡ್ಡವರಿಗೆ ತಲೆಗೆ 1,800 ರೂಪಾಯಿ, 5ರಿಂದ 10 ವರ್ಷದ ಮಕ್ಕಳಿಗೆ ಅರ್ಧ. ದಿನ ಎಂದರೆ ಮಧ್ಯಾಹ್ನ 1ರಿಂದ ಮರುದಿನ ಬೆಳಿಗ್ಗೆ 11, ಅದರಲ್ಲಿ ಮಧ್ಯಾಹ್ನದ ಊಟ, ಸಂಜೆಯ ಕಾಫಿ ತಿಂಡಿ, ರಾತ್ರಿಯೂಟ, ಮರುದಿನದ ತಿಂಡಿ ಸೇರಿವೆ. ಗಂಡ, ಹೆಂಡತಿ, ಎಂಟು ವರ್ಷದ ಮಗಳು ಎರಡು ರಾತ್ರಿಗೆ ಬಂದರೆ ದೊಡ್ಡವರದ್ದು 7,200, ಮಗುವಿನದ್ದು 1,800, ಒಟ್ಟು 9,000. ಜೀಪು, ಕ್ಯಾಂಪ್‌ಫೈರ್ ಬೇರೆ ಎಂದಾದರೆ ಅವುಗಳ ದರವೂ ಅಲ್ಲೇ ಇರಬೇಕು.

ಅತಿಥಿ ವಿಚಾರಿಸಿದಾಗ ತಾರೀಕು, ಜನ, ಮಕ್ಕಳ ವಯಸ್ಸು, ಸಸ್ಯಾಹಾರವೋ ಮಾಂಸಾಹಾರವೋ, ಯಾವ ವಾಹನ, ಎಷ್ಟು ಗಂಟೆಗೆ ತಲುಪುತ್ತೀರಿ ಎಂದು ಕೇಳಿ. ನಿಯಮಗಳನ್ನು ಅದೇ ಮೆಸೇಜಿನಲ್ಲಿ ಕಳಿಸಿ, ಅವರು ಒಪ್ಪಿದ ಮೇಲೆ ಮುಂಗಡ ತೆಗೆದುಕೊಳ್ಳಿ. ಹಣ ಕೊಟ್ಟ ನಂತರ ಗೊತ್ತಾಗುವ ನಿಯಮ ಮೋಸದಂತೆ ಕಾಣುತ್ತದೆ. ಮೂವತ್ತು ಪ್ರತಿಶತ ಮುಂಗಡವಾದರೆ ಮೇಲಿನ ಲೆಕ್ಕದಲ್ಲಿ 2,700, ಉಳಿದ 6,300 ಬಂದ ಮೇಲೆ. ಏಳು ದಿನ ಮೊದಲು ರದ್ದಾದರೆ ಮುಂಗಡ ಪೂರ್ತಿ ವಾಪಸ್, ಆಮೇಲಾದರೆ ಅರ್ಧ, ಜಿಲ್ಲಾಡಳಿತ ರಸ್ತೆ ಮುಚ್ಚಿದರೆ ಪೂರ್ತಿ ವಾಪಸ್ ಅಥವಾ ಬೇರೆ ತಾರೀಕು. ಇಷ್ಟನ್ನೂ ಲಿಖಿತವಾಗಿ ಕಳಿಸಿದಾಗಲೇ ಬುಕಿಂಗ್ ಆಯಿತು ಎಂದರ್ಥ.

ಫೋನಿನಲ್ಲೂ ಆ್ಯಪಿನಲ್ಲೂ ಕೋಣೆ ಕೊಡುವವರಿಗೆ ಒಂದೇ ರಾತ್ರಿ ಎರಡು ಕುಟುಂಬಕ್ಕೆ ಹೋಗಿಬಿಡುವ ಭಯ ಇದ್ದೇ ಇದೆ. ಆ್ಯಪುಗಳ ಕ್ಯಾಲೆಂಡರನ್ನು ಒಂದಕ್ಕೊಂದು ಜೋಡಿಸಿದರೂ ಹೊಸ ಬುಕಿಂಗ್ ಇನ್ನೊಂದರಲ್ಲಿ ಕಾಣಲು ಕೆಲವು ಗಂಟೆ ಹಿಡಿಯಬಹುದು. ದೀರ್ಘ ವಾರಾಂತ್ಯದಲ್ಲಿ ಅಷ್ಟೇ ಸಾಕು. ಫೋನಿನಲ್ಲಿ ಮಾತಾಗುತ್ತಿದ್ದಂತೆ ಆ್ಯಪಿನಲ್ಲಿ ಆ ತಾರೀಕನ್ನು ಕೈಯಾರೆ ಮುಚ್ಚಿ, ಮುಂಗಡ ಬಾರದಿದ್ದರೆ 24 ಗಂಟೆ ಬಿಟ್ಟು ತೆರೆಯಿರಿ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವಿದೇಶಿಯರ ನೋಂದಣಿ ಕಚೇರಿಗೆ ವಿವರ ಕಳಿಸಬೇಕು. ಅದಕ್ಕೆ ಪಾಸ್‌ಪೋರ್ಟ್, ವೀಸಾ ಬೇಕಾಗುತ್ತದೆಂದು ಬುಕಿಂಗ್ ಮೆಸೇಜಿನಲ್ಲೇ ಹೇಳಿ.

ಅತಿಥಿಗಳ ಕಡೆಯಿಂದಲೂ ಸ್ವಲ್ಪ ಎಚ್ಚರ ಬೇಕು. ಬೇರೆಯವರ ಮನೆಯ ಫೋಟೋ ಹಾಕಿ ಮುಂಗಡ ಕೀಳುವವರಿದ್ದಾರೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಕೇಳಿ, ಯುಪಿಐಯಲ್ಲಿ ಬರುವ ಹೆಸರು ಮಾಲೀಕರದ್ದೇ ಎಂದು ನೋಡಿ, ಎರಡು ನಿಮಿಷ ವಿಡಿಯೋ ಕಾಲ್‌ನಲ್ಲಿ ಕೋಣೆ ಮತ್ತು ಬಚ್ಚಲು ತೋರಿಸಲು ಹೇಳಿ. ನಿಜವಾದ ಮನೆಯವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಬರಹ ಹಾಕಿದ ಮೇಲೂ ಅದನ್ನು ತಿದ್ದುತ್ತಿರಬೇಕು. ಮಳೆಗೆ ಮೊದಲು ಒಮ್ಮೆ, ಕೊಯ್ಲಿಗೆ ಮೊದಲು ಒಮ್ಮೆ ಸಾಮಾನ್ಯವಾಗಿ ಸಾಕಾಗುತ್ತದೆ. ಏನನ್ನು ತಿದ್ದಬೇಕೆಂದು ಹೇಳಿಕೊಡುವುದು ಬರುವ ಫೋನ್ ಕರೆಗಳೇ. 'ಅಣ್ಣಾ, ಅಜ್ಜಿಗೆ ಮೆಟ್ಟಿಲು ಹತ್ತೋಕಾಗಲ್ಲ, ಕೆಳಗೆ ಕೋಣೆ ಇದೆಯಾ?' ಎಂದು ಮೂವರು ಕೇಳಿದರೆ, ಯಾವ ಕೋಣೆಗೆ ಎಷ್ಟು ಮೆಟ್ಟಿಲು, ಯಾವುದರಲ್ಲಿ ಕಮೋಡ್ ಇದೆ ಎಂಬ ಸಾಲು ಅಂದೇ ಪರಿಚಯದಲ್ಲಿ ಸೇರಬೇಕು.