ಅಪ್ಪನ ಕಾರ್ಖಾನೆಯಲ್ಲಿ ಮಗಳ ಉಳಿ

ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಗಳ ಕೆಳಗೆ ಹೆಸರು ಕೆತ್ತಿಕೊಂಡವರಲ್ಲಿ ಬಳ್ಳಿಗಾವೆಯ ದಾಸೋಜ ಇದ್ದಾನೆ, ಅವನ ಮಗ ಚಾವಣನೂ ಇದ್ದಾನೆ. ಅದೇ ಗುಡಿಗೆ ಅಂಟಿಕೊಂಡ ಜಕಣಾಚಾರಿ–ಡಂಕಣರ ದಂತಕಥೆಯೂ ಅಪ್ಪ–ಮಗನದೇ. ನಮ್ಮ ಕಾಲಕ್ಕೆ ಬಂದರೆ, ಅಯೋಧ್ಯೆಯ ಬಾಲರಾಮನನ್ನು ಕೆತ್ತಿದ ಮೈಸೂರಿನ ಅರುಣ್ ಯೋಗಿರಾಜ್ ಅವರ ತಂದೆ ಯೋಗಿರಾಜ್, ಅಜ್ಜ ಬಸವಣ್ಣ, ಇಬ್ಬರೂ ಶಿಲ್ಪಿಗಳೇ. ಒಂಬೈನೂರು ವರ್ಷಗಳಿಂದ ಮದನಿಕೆಯರನ್ನು ನೋಡಲು ಜನ ಬೇಲೂರಿಗೆ ಹೋಗುತ್ತಿದ್ದಾರೆ. ಉಳಿ ಹಿಡಿದ ಮಗಳೊಬ್ಬಳ ಕಥೆ ಮಾತ್ರ ಯಾವ ಗೈಡ್ ಬಾಯಲ್ಲೂ ಇಲ್ಲ.

ಹಾಗಾಗಿ ಅಂಥ ಮಗಳನ್ನು ಕಥೆಯಲ್ಲೇ ಹುಡುಕಬೇಕು. ಇಲ್ಲಿ ಬರುವ ಹುಡುಗಿ ಕಲ್ಪನೆಯವಳು. ಅವಳ ಊರು ಕಲ್ಪನೆಯಲ್ಲ. ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಮನೆ ಮುಂದೆ, ರಸ್ತೆ ಬದಿಯಲ್ಲಿ, ತಗಡಿನ ಚಪ್ಪರದ ಕೆಳಗೆ ಕಲ್ಲು ಕಡೆಯುವ ಸದ್ದು ಕೇಳುತ್ತದೆ. ಅಲ್ಲಿ ಕೆಲಸದ ಜಾಗ ಬೇರೆ, ಮನೆ ಬೇರೆ ಎಂಬುದಿಲ್ಲ. ಮಗ ಆಡುತ್ತಾ ಆಡುತ್ತಾ ಅಪ್ಪನ ಪಕ್ಕ ಕೂರುತ್ತಾನೆ. ಮಗಳೂ ಅಲ್ಲೇ ಆಡುತ್ತಾಳೆ, ಆದರೆ ಅವಳ ಕೈಗೆ ಬರುವುದು ಉಳಿಯಲ್ಲ, ಉಜ್ಜುವ ಕಲ್ಲು.

ಕೆತ್ತನೆ ಮುಗಿದ ವಿಗ್ರಹವನ್ನು ನೀರು ಹಾಕಿ ಉಜ್ಜುವುದೇ ನಯ ಮಾಡುವ ಕೆಲಸ. ಮೊದಲು ಒರಟು ಸಾಣೆಕಲ್ಲು, ಆಮೇಲೆ ಸಣ್ಣದು, ಕೊನೆಗೆ ಎಮರಿ ಕಾಗದ. ಕೃಷ್ಣಶಿಲೆ ಉಜ್ಜಿದಷ್ಟೂ ಕಪ್ಪಾಗುತ್ತದೆ. ನಮ್ಮ ಹುಡುಗಿ ಹತ್ತನೇ ತರಗತಿ ಮುಗಿಸುವ ಹೊತ್ತಿಗೆ ಎಷ್ಟು ಗಣಪತಿಗಳ ಹೊಟ್ಟೆ ಉಜ್ಜಿದ್ದಳೋ ಲೆಕ್ಕವಿಲ್ಲ. ಆ ಕೆಲಸದಲ್ಲೇ ಅವಳಿಗೊಂದು ಗುಟ್ಟು ಸಿಕ್ಕಿತು.

ಉಳಿಯನ್ನು ಕಲ್ಲಿಗೆ ಓರೆಯಾಗಿ ಹಿಡಿದು ಹೊಡೆದರೆ ಚಕ್ಕೆ ಏಳುತ್ತದೆ. ನೆಟ್ಟಗೆ ಹಿಡಿದು ಹೊಡೆದರೆ ಚಕ್ಕೆ ಏಳುವುದಿಲ್ಲ. ಪೆಟ್ಟು ಒಳಗಿಳಿದು ಕಲ್ಲಿನ ಕಣಗಳನ್ನು ನುರಿಯುತ್ತದೆ. ಕೆತ್ತುವಾಗ ಮೈಯೆಲ್ಲ ಬೂದುಬಣ್ಣದ ಹುಡಿ ಇರುವುದರಿಂದ ಆ ಗಾಯ ಕಣ್ಣಿಗೆ ಬೀಳದು. ನಯ ಮಾಡಿ ಕಲ್ಲು ಕಪ್ಪಗಾದ ಮೇಲೆ ಬಿಳಿ ಚುಕ್ಕೆಯಾಗಿ ಮೇಲೇಳುತ್ತದೆ. ಮೇಲ್ಮೈ ಉಜ್ಜಿದರೆ ಹೋಗುವುದಿಲ್ಲ, ಗಾಯದ ಆಳದವರೆಗೂ ಕಲ್ಲನ್ನು ಇಳಿಸಬೇಕು. ತೊಡೆಯ ಮೇಲಾದರೆ ಇಳಿಸಬಹುದು. ಕೆನ್ನೆಯ ಮೇಲಾದರೆ ಮುಖವೇ ಹೋಗುತ್ತದೆ.

ಯಾರ ಕೈಯ ವಿಗ್ರಹದಲ್ಲಿ ಎಲ್ಲಿ ಚುಕ್ಕೆ ಬರುತ್ತದೆ ಎಂದು ಹುಡುಗಿಗೆ ತಿಳಿದಿತ್ತು. ಅಣ್ಣನ ಕೆಲಸದಲ್ಲಿ ಬಟ್ಟೆಯ ನೆರಿಗೆಯ ಸಂದಿಯಲ್ಲಿ ಬರುತ್ತಿತ್ತು. ಇಕ್ಕಟ್ಟಿನ ಜಾಗದಲ್ಲಿ ಉಳಿ ಓರೆ ಮಾಡಲು ಮಣಿಕಟ್ಟು ತಿರುಗಿಸಬೇಕು, ಅವನು ತಿರುಗಿಸುತ್ತಿರಲಿಲ್ಲ.

“ಅಪ್ಪಾ, ಅಣ್ಣ ಕೆತ್ತಿದ್ದನ್ನ ನಾನು ಸರಿ ಮಾಡ್ತಾ ಕೂರೋದಕ್ಕಿಂತ, ಮೊದಲೇ ನಾನೇ ಕೆತ್ತಬಾರದಾ?”

ಅಪ್ಪ ಮಾತಾಡಲಿಲ್ಲ. ಅಜ್ಜಿ ಮಾತಾಡಿದಳು. “ನೀನು ಹೋಗೋ ಮನೇಲೂ ಉಳಿ ಇರ್ತದೆ ಕಣೇ. ಇಲ್ಲಿ ಕಲಿತದ್ದು ಅಲ್ಲಿಗೆ ಹೋಗ್ತದೆ.”

ಮಗಳಿಗೆ ಕಲಿಸದಿರುವ ಪದ್ಧತಿಗೆ ಮಡಿ, ಮೈಲಿಗೆ, ದೇವರ ವಿಗ್ರಹ ಎಂಬ ಕಾರಣಗಳನ್ನು ಮುಂದಿಡುತ್ತಾರೆ. ಅಜ್ಜಿಯ ಮಾತಿನಲ್ಲಿರುವುದು ಅದಕ್ಕಿಂತ ಒರಟಾದ, ಹೆಚ್ಚು ಪ್ರಾಮಾಣಿಕವಾದ ಕಾರಣ. ಕಸುಬಿನ ಕುಲದೊಳಗೇ ಮದುವೆಯಾದರೆ, ಮಗಳ ಜೊತೆ ಮನೆಯ ಕೈಚಳಕವೂ ಇನ್ನೊಂದು ಕಾರ್ಖಾನೆಗೆ ಹೋಗುತ್ತದೆ. ಅದೇ ಊರಿನ, ಅದೇ ಗಿರಾಕಿಗಳ ಕಾರ್ಖಾನೆ ಆಗಿದ್ದರಂತೂ ಮುಗಿಯಿತು.

ಕಸುಬಿನ ಮನೆಯ ಹೊರಗಿನಿಂದ ಬಂದ ಹೆಣ್ಣಿಗೆ ಈ ತೊಡಕು ಇರಲಿಲ್ಲ ಎಂಬುದು ವಿಚಿತ್ರ. 1942ರಲ್ಲಿ ತಿರುಮಕೂಡಲು ನರಸೀಪುರದಲ್ಲಿ ಹುಟ್ಟಿದ ಕನಕಾ ಮೂರ್ತಿ ಶಿಲ್ಪಿಗಳ ಮನೆತನದವರಲ್ಲ. ಪದವಿ ಓದಿ, ಬೆಂಗಳೂರಿಗೆ ಬಂದು, ದೇವಲಕುಂದ ವಾದಿರಾಜರ ಬಳಿ ಸಾಂಪ್ರದಾಯಿಕ ಶಿಲ್ಪ ಕಲಿತರು. ದೇವರ ವಿಗ್ರಹಗಳ ಜೊತೆಗೆ ಸಂಗೀತಗಾರರ ಪ್ರತಿಮೆಗಳನ್ನೂ ಮಾಡಿದರು. ಜಕಣಾಚಾರಿ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು, 2021ರಲ್ಲಿ ತೀರಿಕೊಂಡರು. ಅವರು ಗುರುವನ್ನು ಹುಡುಕಿಕೊಂಡು ಹೋಗಬೇಕಾಯಿತು. ಶಿವಾರಪಟ್ಟಣದ ಹುಡುಗಿಗೆ ಗುರು ಎದುರಿಗೇ ಕೂತಿದ್ದಾನೆ, ಅವನೇ ಒಲ್ಲೆ ಎನ್ನುತ್ತಾನೆ. ಎರಡನೆಯದೇ ಹೆಚ್ಚು ಕಷ್ಟ ಎಂದು ಕಾಣುತ್ತದೆ.

ಅಪ್ಪ ಕೊನೆಗೆ ಒಂದು ನೆಪ ಹೇಳಿದ: ಕಲ್ಲಿನ ಭಾರ. ಹುಡುಗಿ ಅದಕ್ಕೂ ಲೆಕ್ಕ ಇಟ್ಟುಕೊಂಡಿದ್ದಳು. ಮೂರು ಅಡಿ ಎತ್ತರ, ಒಂದೂವರೆ ಅಡಿ ಅಗಲ, ಒಂದು ಅಡಿ ದಪ್ಪದ ಕಲ್ಲು ಸುಮಾರು 350 ಕೆಜಿ ತೂಗುತ್ತದೆ. ಅದನ್ನು ಅಪ್ಪನೂ ಎತ್ತುವುದಿಲ್ಲ, ಅಣ್ಣನೂ ಎತ್ತುವುದಿಲ್ಲ, ಚೈನ್ ಪುಲ್ಲಿ ಎತ್ತುತ್ತದೆ.

ಕಲಿಕೆ ಶುರುವಾದದ್ದು ಕಲ್ಲಿನಿಂದಲ್ಲ, ಕುಲುಮೆಯಿಂದ. ಉಕ್ಕಿನ ಉಳಿಯ ಮೊನೆ ಮಂಡಾದಾಗ ಕಾಯಿಸಿ, ತಟ್ಟಿ, ನೀರಿಗೆ ಅದ್ದಿ ಹದ ಹಿಡಿಯಬೇಕು. ಅದ್ದಿದ ಮೊನೆಯನ್ನು ಹೊರತೆಗೆದು ಉಜ್ಜಿದರೆ, ಹಿಂದಿನ ಭಾಗದ ಕಾವು ಮುಂದಕ್ಕೆ ಹರಿಯುತ್ತಾ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ನೇರಳೆ, ನೀಲಿ ಮೂಡುತ್ತವೆ. ಬೇಕಾದ ಬಣ್ಣ ಮೊನೆಗೆ ಬಂದ ಕ್ಷಣಕ್ಕೆ ಮತ್ತೆ ಅದ್ದಬೇಕು. ಬೇಗ ಅದ್ದಿದರೆ ಮೊನೆ ಗಾಜಿನಷ್ಟು ಗಡಸಾಗಿ ಮುರಿಯುತ್ತದೆ, ತಡವಾದರೆ ಮೆತ್ತಗಾಗಿ ಮಡಚುತ್ತದೆ. ಈಗ ಟಂಗ್‌ಸ್ಟನ್ ಮೊನೆಯ ಉಳಿಗಳು ಬಂದು ಈ ಕೆಲಸ ಕಡಿಮೆಯಾಗಿದೆ. ಅಪ್ಪ ಬೇಕೆಂದೇ ಹಳೆಯದರಿಂದ ಶುರು ಮಾಡಿಸಿದ್ದ, ಬೇಸತ್ತು ಬಿಡಲಿ ಎಂದು. ಅವಳು ಬಿಡಲಿಲ್ಲ.

ಆಮೇಲೆ ಅಳತೆ. ನವತಾಲದ ವಿಗ್ರಹವೆಂದರೆ ಒಂಬತ್ತು ಮುಖದ ಎತ್ತರ, ಒಟ್ಟು 108 ಅಂಗುಲ. ಈ ಅಂಗುಲ ಅಂಗಡಿಯ ಟೇಪಿನದಲ್ಲ, ವಿಗ್ರಹದ ಎತ್ತರವನ್ನೇ 108 ಭಾಗ ಮಾಡಿದಾಗ ಸಿಗುವ ಒಂದು ಭಾಗ. 36 ಇಂಚಿನ ಮೂರ್ತಿಯಾದರೆ ಒಂದು ಅಂಗುಲ ಇಂಚಿನ ಮೂರನೇ ಒಂದು ಪಾಲು. ಮುಖಕ್ಕೆ 12 ಅಂಗುಲ, ಅಂದರೆ 4 ಇಂಚು, ಕತ್ತಿಗೆ 4, ತೊಡೆಗೆ 24, ಮಂಡಿಗೆ 4, ಕಣಕಾಲಿಗೆ 24, ಪಾದಕ್ಕೆ 4. ಕಲ್ಲಿನ ನಡುವೆ ಮೇಲಿನಿಂದ ಕೆಳಗೆ ಬ್ರಹ್ಮಸೂತ್ರದ ಗೆರೆ. ಕೆತ್ತುತ್ತಾ ಹೋದಂತೆ ಗೆರೆ ಅಳಿಸಿಹೋಗುತ್ತದೆ, ಮತ್ತೆ ಮತ್ತೆ ಎಳೆದುಕೊಳ್ಳಬೇಕು. ಎಳೆಯದೆ ಮುಂದುವರಿದವರ ವಿಗ್ರಹದ ಮೂಗು ಒಂದು ಕಡೆ, ಹೊಕ್ಕುಳು ಇನ್ನೊಂದು ಕಡೆ.

ಮೊದಲ ತಿಂಗಳುಗಳಲ್ಲಿ ಅವಳು ಮಾಡಿದ ತಪ್ಪು ಉಳಿದ ಕಲಿಕೆಯವರು ಮಾಡುವುದೇ: ಬೇಗ ಆಳಕ್ಕೆ ಹೋಗುವುದು. ಮಣ್ಣಿನಲ್ಲಿ ತೆಗೆದದ್ದನ್ನು ಮತ್ತೆ ಮೆತ್ತಬಹುದು, ಕಲ್ಲಿನಲ್ಲಿ ಆಗದು. ಅದಕ್ಕೇ ಮೂಗಿನ ತುದಿ, ಬೆರಳು, ಕಿವಿಯಂಥ ಕಡೆ ಕೊನೆಯವರೆಗೂ ಹೆಚ್ಚುವರಿ ಕಲ್ಲು ಉಳಿಸಿಕೊಳ್ಳುತ್ತಾರೆ. ಅವಳು ತಾವರೆಯ ಒಂದು ಎಸಳನ್ನು ತೆಳ್ಳಗೆ ಮಾಡಿ ಮುರಿದಳು. ಅಪ್ಪ ಪೀಠದ ಎಲ್ಲ ಎಸಳುಗಳನ್ನೂ ಅಷ್ಟೇ ಮಟ್ಟಕ್ಕೆ ಇಳಿಸಲು ಹೇಳಿದ. ಪೀಠ ಅರ್ಧ ಇಂಚು ಸಣ್ಣದಾಯಿತು, ಆದರೆ ಸಮವಾಯಿತು.

ಒಂದು ವಿಷಯದಲ್ಲಿ ಮಾತ್ರ ಅಪ್ಪ ಅವಳಿಗಿಂತ ಸಡಿಲನಾಗಿದ್ದ: ಧೂಳು. ಗ್ರಾನೈಟ್ ಧೂಳಿನ ಸಿಲಿಕಾ ಶ್ವಾಸಕೋಶದಲ್ಲಿ ಕೂತರೆ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ, ಗ್ರೈಂಡರ್ ಬಂದ ಮೇಲೆ ಧೂಳು ಇನ್ನೂ ಸಣ್ಣದಾಗಿ, ಇನ್ನೂ ಹೆಚ್ಚಾಗಿ ಏಳುತ್ತದೆ. ಟವೆಲ್ ಕಟ್ಟಿಕೊಂಡರೆ ಅದು ನಿಲ್ಲುವುದಿಲ್ಲ. ಹುಡುಗಿ ಮಾಲೂರಿನಿಂದ ಎರಡು ಮಾಸ್ಕ್ ತಂದಳು; ಅಪ್ಪನದು ಮೊಳೆಗೆ ನೇತುಬಿದ್ದೇ ಇದೆ.

ಈಗಿನ ಒಪ್ಪಂದ ಹೀಗಿದೆ: ಪೀಠ, ಪ್ರಭಾವಳಿ, ಬಟ್ಟೆಯ ನೆರಿಗೆ ಅವಳದು. ಮುಖ ಅಪ್ಪನದು. ಪ್ರತಿಷ್ಠೆಗೆ ಮುಂಚೆ ಕಣ್ಣು ಬಿಡಿಸುವುದಂತೂ ಅವಳ ಕೈಗೆ ಬರುವ ಮಾತೇ ಇಲ್ಲ, ಸದ್ಯಕ್ಕೆ. ಜಗಳ ಮುಗಿದಿಲ್ಲ, ವಿಷಯ ಬದಲಾಗಿದೆ ಅಷ್ಟೇ. ಮನೆಮಗಳು ಉಜ್ಜಿದ್ದಕ್ಕೆ ಯಾರೂ ಕೂಲಿ ಬರೆದಿರಲಿಲ್ಲ. ನೆರಿಗೆ ಕೆತ್ತಿದ್ದಕ್ಕೆ ಲೆಕ್ಕದ ಪುಸ್ತಕದಲ್ಲಿ ಅಣ್ಣನ ದರವನ್ನೇ ಬರೆಯಬೇಕೆಂದು ಅವಳು ಪಟ್ಟು ಹಿಡಿದಿದ್ದಾಳೆ. ಅರ್ಧ ಬರೆಯೋಣ ಎನ್ನುತ್ತಿದ್ದಾನೆ ಅಣ್ಣ.